ಇಪ್ಪತ್ತೆಂಟು ಮಿಲಿಮೀಟರ್ ಎದ್ದ ಸೇತುವೆ

ಮಂಡ್ಯದ ಪಾಲಿಟೆಕ್ನಿಕ್ಕೊಂದರಲ್ಲಿ ಸಿವಿಲ್ ಪಾಠ ಹೇಳುವ ಪ್ರಸನ್ನ ಮೇಷ್ಟ್ರಿಗೆ ಬೀಡಿ ಸಿಗರೇಟಿನ ಚಟವಿಲ್ಲ, ಇಸ್ಪೀಟಿನದೂ ಇಲ್ಲ. ಇದ್ದದ್ದು ಒಂದೇ ಚಟ, ಕಾಗದದ ಮೇಲೆ ಸೇತುವೆ ಬಗ್ಗಿಸುವುದು. ಕಬ್ಬಿಣದ ಪಟ್ಟಿಗಳನ್ನು ತ್ರಿಕೋನ ತ್ರಿಕೋನವಾಗಿ ಜೋಡಿಸಿದ ಚೌಕಟ್ಟಿಗೆ ಟ್ರಸ್ ಅನ್ನುತ್ತಾರಲ್ಲ, ಅದರ ಮೇಲೆ ಭಾರ ಬಿದ್ದರೆ ಕೆಲವು ಪಟ್ಟಿ ಕೂದಲೆಳೆಯಷ್ಟು ಉದ್ದವಾಗುತ್ತವೆ, ಕೆಲವು ಅಷ್ಟೇ ಗಿಡ್ಡವಾಗುತ್ತವೆ. ಆ ಹಿಗ್ಗು ಕುಗ್ಗನ್ನು ಹಿಡಿದುಕೊಂಡು, ಯಾವ ಜಾಯಿಂಟು ಎತ್ತ ಎಷ್ಟು ಸರಿಯಿತು ಎಂದು ಸ್ಕೇಲು, ಸೆಟ್‌ಸ್ಕ್ವೇರಿನಲ್ಲೇ ಕಂಡುಹಿಡಿಯುವ ಹಳೆಯ ವಿದ್ಯೆ ಒಂದಿದೆ. ಫ್ರಾನ್ಸಿನವನೊಬ್ಬ ಕಂಡುಹಿಡಿದದ್ದು, ವಿಲಿಯೋ ಡಯಾಗ್ರಾಂ ಅಂತ ಹೆಸರು. ಈಗ ಅದನ್ನು ಯಾರೂ ಬರೆಯುವುದಿಲ್ಲ. ಜಿಲ್ಲೆಯಲ್ಲಿ ಅದನ್ನು ಬಲ್ಲವನು ತಾನೊಬ್ಬನೇ ಎಂದು ಮೇಷ್ಟ್ರಿಗೆ ಹೆಮ್ಮೆ. ಹೆಮ್ಮೆ ತಪ್ಪಲ್ಲ ಬಿಡಿ. ಆದರೆ ಇವರ ಹೆಮ್ಮೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುವವರನ್ನೂ ಬಿಡುತ್ತಿರಲಿಲ್ಲ.

ವಿದ್ಯೆ ಕಷ್ಟದ್ದೇನಲ್ಲ. ಅಲುಗದ ಒಂದು ಜಾಯಿಂಟನ್ನು ಚುಕ್ಕಿಯಾಗಿ ಇಟ್ಟುಕೊಳ್ಳಬೇಕು. ಅಲ್ಲಿಂದ ಪಟ್ಟಿಯ ಹಿಗ್ಗನ್ನೋ ಕುಗ್ಗನ್ನೋ ಮಾತ್ರ, ಒಂದು ಮಿಲಿಮೀಟರಿಗೆ ಒಂದು ಸೆಂಟಿಮೀಟರಿನಂತೆ ದೊಡ್ಡದು ಮಾಡಿ, ಆ ಪಟ್ಟಿಯ ದಿಕ್ಕಿಗೇ ಎಳೆಯಬೇಕು. ಗೆರೆಯ ತುದಿಯಲ್ಲಿ ಲಂಬ ಹಾಕಬೇಕು. ಎರಡು ಪಟ್ಟಿಗಳ ಲಂಬಗಳು ಎಲ್ಲಿ ಕೂಡುತ್ತವೋ ಅದು ಮುಂದಿನ ಜಾಯಿಂಟಿನ ಜಾಗ. ಹೀಗೆ ಒಂದರಿಂದ ಇನ್ನೊಂದಕ್ಕೆ. ಇದಕ್ಕೆ ಒಂದೇ ಕರಾರು: ಶುರುವಿಗೆ ಯಾವುದಾದರೂ ಒಂದು ಪಟ್ಟಿ ದಿಕ್ಕು ಬದಲಿಸುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಎಡಬಲ ಒಂದೇ ಸಮ ಇರುವ ಟ್ರಸ್ಸಿನಲ್ಲಿ ನಟ್ಟನಡುವಿನ ನೆಟ್ಟಗಿನ ಪಟ್ಟಿ ನಿಜವಾಗಿಯೂ ಎತ್ತಲೂ ವಾಲುವುದಿಲ್ಲ, ಅದನ್ನು ಹಿಡಿದರೆ ಆಯಿತು. ಪರೀಕ್ಷೆಗೆ ಬರುತ್ತಿದ್ದದ್ದು ಅಂಥ ಟ್ರಸ್ಸುಗಳೇ. ಹದಿನೇಳು ವರ್ಷ ಮೇಷ್ಟ್ರು ಪಾಠ ಮಾಡಿದ್ದೂ ಅವನ್ನೇ. ಎಡಬಲ ಬೇರೆಬೇರೆ ಇರುವ ಟ್ರಸ್ಸು ಸಿಲಬಸ್ಸಿನಲ್ಲಿರಲಿಲ್ಲ. ಸಿಲಬಸ್ಸಿನಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಎಂದು ನಂಬುವುದು ಮೇಷ್ಟ್ರುಗಳ ಜಾತಿಗೆ ಹುಟ್ಟುಗುಣ.

ಆದರೆ ಲೋಕದಲ್ಲಿ ಅಂಥದ್ದು ಇತ್ತು. ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರ, ಮಾದನಕೊಪ್ಪಲಿನ ನಾಲೆಯ ಮೇಲೆ ಇಪ್ಪತ್ತನಾಲ್ಕು ಮೀಟರಿನ ಕಾಲ್ಸೇತುವೆ. ಜನ, ದನ, ಸ್ಕೂಟರು ಓಡಾಡುತ್ತಿದ್ದದ್ದು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹಿಂದಕ್ಕೆ ತಿರುಗಿಸಿಕೊಳ್ಳಲು ಹೋಗಿ ಟ್ರೈಲರಿನಲ್ಲಿ ಗುದ್ದಿ, ಒಂದು ಓರೆ ಪಟ್ಟಿ ಸೊಟ್ಟಗಾಯಿತು. ಇಲಾಖೆಯವರು ಅದನ್ನು ಬಿಚ್ಚಿ, ಗೋಡೌನಿನಲ್ಲಿ ಸಿಕ್ಕ ಇನ್ನೂ ದಪ್ಪನೆಯದನ್ನು ಹಾಕಿದರು. ಹೀಗೆ ಬಲಗಡೆ ಗಟ್ಟಿಯಾಗಿ, ಎಡಗಡೆ ಹಳೆಯದಾಗಿ ಉಳಿಯಿತು. ರಿಪೇರಿ ಸರಿಯಿದೆಯೋ ಇಲ್ಲವೋ ಎಂದು ಹೊರಗಿನ ತಜ್ಞರಿಂದ ಬರೆಸಿಕೊಳ್ಳಬೇಕು ಎಂಬ ನಿಯಮವಿತ್ತು. ತಜ್ಞರು ಅಂದರೆ ಪ್ರಸನ್ನ ಮೇಷ್ಟ್ರು.

ಮಾದನಕೊಪ್ಪಲು ಮೇಷ್ಟ್ರಿಗೆ ಹೊಸ ಊರಲ್ಲ. ಅವರ ಸೋದರತ್ತೆ ಸೋಮಮ್ಮನ ಊರು. ತಾಯಿ ಸತ್ತ ಮೇಲೆ ಈ ಮಗುವನ್ನು ಎತ್ತಿಕೊಂಡು ಹೋಗಿ, ಎಮ್ಮೆ ಹಾಲು ಮಾರಿ ಡಿಪ್ಲೊಮಾ ಓದಿಸಿದವಳು ಆಕೆ. ಈಗಲೂ ಬೆಳಿಗ್ಗೆ ಸಂಜೆ ಕ್ಯಾನು ಹೊತ್ತು, ಅದೇ ಸೇತುವೆ ದಾಟಿ ಡೈರಿಗೆ ಹಾಲು ಹಾಕುವವಳು. ಬಾಯಿ ಜೋರು. ಸುತ್ತ ನಾಲ್ಕು ಊರಿನಲ್ಲಿ ಸೋಮಮ್ಮನ ಬಾಯಿಗೆ ಸಿಕ್ಕಿ ಸುಮ್ಮನೆ ಬಿಡಿಸಿಕೊಂಡು ಬಂದವರಿಲ್ಲ.

ಮೇಷ್ಟ್ರು ಕೂತರು. ಪೂರ್ತಿ ಜನಭಾರಕ್ಕೆ ಪ್ರತಿ ಪಟ್ಟಿಯ ಬಲ, ಅದರಿಂದ ಹಿಗ್ಗು ಕುಗ್ಗು ಎಲ್ಲ ಲೆಕ್ಕ ಹಾಕಿದರು. ಒಂದೂ ತಪ್ಪಿಲ್ಲ. ಎಡಬಲ ಸಮ ಇಲ್ಲವಲ್ಲ, ನಡುವಿನ ಪಟ್ಟಿ ಹಿಡಿಯುವ ಹಾಗಿರಲಿಲ್ಲ. ಬಲತುದಿ ಕೂತಿರುವುದು ಉರುಳುವ ರೋಲರಿನ ಮೇಲೆ, ಅಡ್ಡ ಸರಿದಾಡುತ್ತದೆ. ಎಡತುದಿ ಪಿನ್ನಿನಲ್ಲಿ ಕೂತಿದೆ, ಅದು ಅಲುಗುವುದಿಲ್ಲ. ಅದನ್ನೇ ಚುಕ್ಕಿ ಮಾಡಿಕೊಂಡರು. ಅಲ್ಲಿಂದ ಹೊರಡುವ ಕೆಳಗಿನ ಮೊದಲ ಪಟ್ಟಿ ದಿಕ್ಕು ಬದಲಿಸುವುದಿಲ್ಲ ಎಂದು ಹಿಡಿದರು. ಎರಡು ದಿನ ಬರೆದರು. ಗೆರೆಗಳು ಎಷ್ಟು ಚೆನ್ನಾಗಿ ಕೂಡಿಕೊಂಡವೆಂದರೆ ಮೇಷ್ಟ್ರಿಗೇ ಕಣ್ಣು ತುಂಬಿ ಬಂತು. ಕೊನೆಗೆ ಬಲತುದಿಯ ಚುಕ್ಕಿ ಬಂದು ಕೂತದ್ದು ಶುರುವಿನ ಚುಕ್ಕಿಗಿಂತ ಇಪ್ಪತ್ತೆಂಟು ಸೆಂಟಿಮೀಟರ್ ಮೇಲೆ. ಅಂದರೆ ಜನ ನಿಂತರೆ ಸೇತುವೆಯ ಬಲತುದಿ ರೋಲರ್ ಬಿಟ್ಟು ಇಪ್ಪತ್ತೆಂಟು ಮಿಲಿಮೀಟರ್ ಏಳುತ್ತದೆ. ನಡುವಿನ ಜಾಯಿಂಟೂ ಕೆಳಗೆ ಬಗ್ಗುವ ಬದಲು ಐದು ಮಿಲಿಮೀಟರ್ ಮೇಲಕ್ಕೆ.

ಬೇರೆ ಯಾರೇ ಆಗಿದ್ದರೂ ಇಲ್ಲಿ ತಲೆ ಕೆರೆದುಕೊಳ್ಳುತ್ತಿದ್ದರು. ಮೇಲೆ ಜನ ನಿಂತರೆ ಸೇತುವೆ ಮೇಲೇಳುವುದುಂಟೇ? ಮೇಷ್ಟ್ರು ಕೆರೆದುಕೊಳ್ಳಲಿಲ್ಲ. ದಪ್ಪ ಪಟ್ಟಿ ಹಾಕಿ ಸಮತೋಲ ಕೆಡಿಸಿದ್ದಾರೆ, ಏತದ ಹಾಗೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏಳುತ್ತಿದೆ ಎಂದು ಕಾರಣವನ್ನೂ ಹೊಂದಿಸಿಕೊಂಡರು. ಅದೇ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟಿದ್ದ ಸೌಮ್ಯ, ಹೊಸದಾಗಿ ಸೇರಿದ್ದ ಲೆಕ್ಚರರ್, ಬಲತುದಿ ಸೊನ್ನೆ, ನಡುವೆ ಒಂಬತ್ತು ಮಿಲಿಮೀಟರ್ ಕೆಳಗೆ ಅಂತ ಬಂದಿದೆ ಸಾರ್ ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರು ನಕ್ಕರು.

"ಬಲತುದಿ ಏಳಲ್ಲ ಅಂತ ಆ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದು ಯಾರಮ್ಮ? ನೀನೇ ತಾನೇ? ನೀನು ಸೊನ್ನೆ ಅಂದೆ, ಅದೂ ಸೊನ್ನೆ ಅಂತು. ನನ್ನ ಚಿತ್ರಕ್ಕೆ ಯಾರೂ ಏನೂ ಹೇಳಿಕೊಟ್ಟಿಲ್ಲ."

ಸೌಮ್ಯ ತನ್ನ ಲೆಕ್ಕದ ಹಾಳೆ ಮಡಿಚಿಟ್ಟುಕೊಂಡಳು. ಮಾತು ಅರ್ಧ ನಿಜವೇ ಆಗಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಹತ್ತಿರ ನಾಲ್ಕನೆಯ ಕಾಲು ಎಣಿಸಲು ಹೊಸಬಳಿಗೆ ಧೈರ್ಯ ಎಲ್ಲಿಂದ ಬರಬೇಕು?

ರಿಪೋರ್ಟು ಹೋದ ಮೂರನೇ ದಿನ ಸೇತುವೆ ಮುಚ್ಚಿತು. ಮುಚ್ಚಲು ಬಂದ ಇಲಾಖೆಯ ಎಂಜಿನಿಯರ್ ಸಂತೋಷ್ ಕಡೆಯವರ ಜೊತೆ ಜಗಳಕ್ಕೆ ಊರಿಗೆ ಊರೇ ಬಂದು ಸೇತುವೆಯ ಮೇಲೆ ಒತ್ತೊತ್ತಾಗಿ ನಿಂತಿತ್ತು. ಮೇಷ್ಟ್ರು ಚಿತ್ರ ಬಿಡಿಸಿ ತೋರಿಸಿ, ಬಲತುದಿ ಏಳುತ್ತದೆ ಎಂದು ವಿವರಿಸಿದರು. ಅಷ್ಟು ದೊಡ್ಡ ಹಾಳೆ, ಅಷ್ಟು ಗೆರೆ ನೋಡಿದ ಮೇಲೆ ಜನ ತೆಪ್ಪಗೆ ಇಳಿದರು. ಮಾರನೇ ದಿನ ಪೇಪರಿನಲ್ಲಿ 'ಅನಾಹುತ ತಪ್ಪಿಸಿದ ಮೇಷ್ಟ್ರು' ಎಂದು ಫೋಟೋ ಬಂತು. ಪ್ರಿನ್ಸಿಪಾಲರು ಕೈ ಕುಲುಕಿದರು. ಮುಂದಿನ ವರ್ಷದ ಹೆಚ್ಓಡಿ ಕುರ್ಚಿ ಯಾರಿಗೆ ಎಂಬ ಮಾತು ಅಲ್ಲಿಗೆ ನಿಂತಿತು.

ಸೇತುವೆ ಮುಚ್ಚಿದ್ದರಿಂದ ಡೈರಿಗೆ ಹೋಗಿಬರುವವರು ಏರಿ ಮೇಲೆ ಒಟ್ಟು ಐದು ಕಿಲೋಮೀಟರ್ ಸುತ್ತಬೇಕಾಯಿತು. ಊರಿನವರು ಗೊಣಗಿದರು. ಆಶ್ಚರ್ಯ ಅಂದರೆ ಸೋಮಮ್ಮ ಒಂದು ಮಾತೂ ಆಡಲಿಲ್ಲ. ಯಾರಾದರೂ ಎದುರಿಗೆ ಬೈದರೆ, ನಮ್ಮುಡ್ಗ ಲೆಕ್ಕ ಹಾಕವ್ನೆ, ಸುಮ್ಕಿರ್ರಲಾ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು. ಅರವತ್ತೆಂಟರ ಕಾಲು, ಮಂಡಿ ಊದಿತ್ತು. ಕ್ಯಾನು ಹೊತ್ತು ದಿನಕ್ಕೆರಡು ಸಲ ಸುತ್ತುವುದನ್ನು ಮಾತ್ರ ಬಿಡಲಿಲ್ಲ. ಅತ್ತೆಗೆ ತನ್ನ ವಿದ್ಯೆಯ ಮೇಲೆ ಅಷ್ಟು ನಂಬಿಕೆ ಎಂದು ಮೇಷ್ಟ್ರು ಹಿಗ್ಗಿದರು. ಎಷ್ಟು ಮಿಲಿಮೀಟರ್ ಹಿಗ್ಗಿದರೋ ಅದಕ್ಕೆ ಲೆಕ್ಕವಿಲ್ಲ.

ಇಲಾಖೆ ಪರಿಹಾರ ಕಂಡುಹಿಡಿಯಿತು. ಬಲತುದಿ ಏಳುವುದಾದರೆ ಹಿಡಿದು ಕಟ್ಟಿಹಾಕುವುದು. ದಪ್ಪನೆಯ ಕಬ್ಬಿಣದ ಕ್ಲ್ಯಾಂಪು ಮಾಡಿಸಿ, ಕಾಂಕ್ರೀಟಿಗೆ ಬೋಲ್ಟು ಕೂರಿಸಿದರು. ನಲವತ್ತನೇ ದಿನ, ಶನಿವಾರ ಬೆಳಿಗ್ಗೆ ಕ್ಲ್ಯಾಂಪು ಬಿಗಿದು ಸೇತುವೆ ತೆರೆಯುವುದು, ಹಾಗೇ ಮೇಷ್ಟ್ರಿಗೆ ಶಾಲು, ಮೈಸೂರು ಪೇಟ ಎಂದು ಪಂಚಾಯ್ತಿ ತೀರ್ಮಾನಿಸಿತು.

ಗುರುವಾರ ಮೇಷ್ಟ್ರು ಮಳವಳ್ಳಿ ಬಸ್ಸು ಹಿಡಿದು ಬ್ಲಫ್ ಅನ್ನುವ ಊರಿಗೆ ಹೋದರು. ಅಲ್ಲಿನ ಪವರ್ ಸ್ಟೇಷನ್ನಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ರಿಟೈರಾದ ಲಿಂಗಯ್ಯನವರು ಅಲ್ಲೇ ಮನೆ ಮಾಡಿಕೊಂಡಿದ್ದರು. ಡಿಪ್ಲೊಮಾ ಓದುವಾಗ ರಜೆಯಲ್ಲಿ ಈ ವಿದ್ಯೆ ಹೇಳಿಕೊಟ್ಟವರು ಅವರೇ. ಗುರುಗಳನ್ನು ಸಮಾರಂಭಕ್ಕೆ ಕರೆಯುವುದು ನೆಪ. ಚಿತ್ರ ತೋರಿಸಿ ಭೇಷ್ ಅನ್ನಿಸಿಕೊಳ್ಳುವುದು ಆಸೆ.

ಲಿಂಗಯ್ಯ ಕನ್ನಡಕ ಒರೆಸಿಕೊಂಡು ಹಾಳೆಯ ಮೇಲೆ ಬಗ್ಗಿದರು. ಗೆರೆ ಬಹಳ ಚೆನ್ನಾಗಿದೆ ಎಂದರು. ಮೇಷ್ಟ್ರಿಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಹಾಳೆಯನ್ನು ತಿರುಗಿಸಿ ಹಿಂದುಗಡೆ ನೋಡಿದರು. ಸುರುಳಿಯೊಳಗೆ ಇಣುಕಿದರು.

"ಇನ್ನರ್ಧ ಎಲ್ಲಯ್ಯ?"

ಯಾವ ಇನ್ನರ್ಧ ಎಂದು ಮೇಷ್ಟ್ರು ಕೇಳಿದರು.

ಲಿಂಗಯ್ಯ ಶುರುವಿನ ಚುಕ್ಕಿಯ ಮೇಲೆ ಬೆರಳಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು: "ಮೊದಲನೇ ಪಟ್ಟಿ ತಿರುಗಲ್ಲ ಅಂತ ನೀನು ಅಂದ್ಕೊಂಡೆ. ಅನುಕೂಲಕ್ಕೆ ಅಂದ್ಕೊಂಡಿದ್ದು ಅದು. ಸೇತುವೆ ಬಗ್ಗಿದ್ರೆ ಆ ಪಟ್ಟಿ ತಲೆ ತಗ್ಗಿಸಲೇಬೇಕಲ್ವ? ತಗ್ಗಿದ್ದನ್ನ ನೀನು ಮಟ್ಟ ಅಂತ ಹಿಡಿದರೆ, ಆ ಕಡೆ ತುದಿ ಕಾಗದದಲ್ಲಿ ಏಳದೆ ಇನ್ನೇನು ಮಾಡ್ತದೆ? ಎದ್ದಿರೋದು ಸೇತುವೆ ಅಲ್ಲ ಕಣಯ್ಯ, ನಿನ್ನ ಹಾಳೆ."

ಒಂದು ಟ್ರೇಸಿಂಗ್ ಕಾಗದ ತಂದು ಚಿತ್ರದ ಮೇಲೆ ಹಾಸಿದರು. ಇಡೀ ಸೇತುವೆಯನ್ನು ಎಡತುದಿಯ ಸುತ್ತ, ಬಲತುದಿ ವಾಪಸು ರೋಲರಿನ ಮೇಲೆ ಕೂರುವವರೆಗೆ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಒಂದೊಂದು ಜಾಯಿಂಟೂ ತಾನು ಎಡತುದಿಯಿಂದ ಎಷ್ಟು ದೂರವೋ ಅಷ್ಟಕ್ಕೆ ತಕ್ಕಂತೆ, ಆ ದೂರದ ಗೆರೆಗೆ ಲಂಬವಾಗಿ ಸರಿಯುತ್ತದೆ. ಹಾಗಾಗಿ ಆ ಲೆಕ್ಕವೆಲ್ಲ ಸೇರಿ ಕಾಗದದ ಮೇಲೆ ಆಗುವುದು ಅದೇ ಟ್ರಸ್ಸಿನ ಒಂದು ಪುಟ್ಟ ಚಿತ್ರ, ಕಾಲು ಸುತ್ತು ತಿರುಗಿ ನೆಟ್ಟಗೆ ನಿಂತದ್ದು. ಮೇಷ್ಟ್ರ ಚುಕ್ಕಿಯಿಂದ ಮೇಲಕ್ಕೆ ಇಪ್ಪತ್ತೆಂಟು ಸೆಂಟಿಮೀಟರ್ ಗೆರೆ ಎಳೆದು, ಅದನ್ನು ಸೇತುವೆಯ ನಾಲ್ಕು ಅಂಕಣಕ್ಕೆ ಏಳೇಳು ಸೆಂಟಿಮೀಟರಿನಂತೆ ಭಾಗ ಮಾಡಿದರು ಲಿಂಗಯ್ಯ. ಈಗ ಅಳತೆ ಹಿಡಿಯಬೇಕಾದದ್ದು ಈ ಪುಟ್ಟ ಟ್ರಸ್ಸಿನ ಜಾಯಿಂಟಿನಿಂದ ಹಳೆ ಚಿತ್ರದ ಅದೇ ಜಾಯಿಂಟಿಗೆ. ಬಲತುದಿ: ಇಪ್ಪತ್ತೆಂಟರ ಎತ್ತರದಿಂದ ಇಪ್ಪತ್ತೆಂಟರ ಎತ್ತರಕ್ಕೆ. ಏಳಲೂ ಇಲ್ಲ, ಇಳಿಯಲೂ ಇಲ್ಲ, ರೋಲರಿನ ಮೇಲೆ ಒಂದಿಷ್ಟು ಅಡ್ಡ ಸರಿಯಿತು ಅಷ್ಟೆ. ನಡುವಿನದು: ಎರಡು ಅಂಕಣದ ಹದಿನಾಲ್ಕರಿಂದ ಐದಕ್ಕೆ. ಒಂಬತ್ತು ಮಿಲಿಮೀಟರ್ ಕೆಳಗೆ. ಸೌಮ್ಯಳ ಒಂಬತ್ತು.

ಎಡಬಲ ಸಮ ಇದ್ದಾಗ ಇದು ಬೇಕಾಗುವುದಿಲ್ಲ ಅಲ್ವಾ ಸಾರ್ ಎಂದು ಮೇಷ್ಟ್ರು ಕೇಳಿದರು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ.

"ಬೇಕಾಗಲ್ಲ. ಅದಕ್ಕೇ ಮೊದಲು ಅದನ್ನ ಹೇಳಿಕೊಟ್ಟಿದ್ದು. ಇನ್ನರ್ಧ ಪರೀಕ್ಷೆ ಮುಗಿಸ್ಕೊಂಡು ಬಾ ಹೇಳ್ತೀನಿ ಅಂದಿದ್ದೆ. ನಿಂಗೆ ಫಸ್ಟ್ ಕ್ಲಾಸ್ ಬಂತು, ನೀನು ಬರಲಿಲ್ಲ."

ಕ್ಲ್ಯಾಂಪಿನ ವಿಷಯ ಕೇಳಿದಾಗ ಮುದುಕರಿಗೆ ನಿಜವಾಗಿ ಸಿಟ್ಟು ಬಂತು. ರೋಲರ್ ಇಟ್ಟಿರುವುದೇ ಸರಿದಾಡಲಿ ಅಂತ. ಬಿಸಿಲಿಗೆ ಅಷ್ಟುದ್ದದ ಕಬ್ಬಿಣ ಐದಾರು ಮಿಲಿಮೀಟರ್ ಬೆಳೆಯುತ್ತದೆ. ಅದನ್ನು ಬಿಗಿದು ಕಟ್ಟಿದರೆ ದಡದ ಗೋಡೆಯನ್ನು ಒದೆಯುತ್ತದೆ, ಇವತ್ತಲ್ಲ ನಾಳೆ ಗೋಡೆ ಬಿರಿಯುತ್ತದೆ. ಏನೂ ಆಗದಿದ್ದ ಸೇತುವೆಗೆ ನೀನೇ ಕೈಯಾರೆ ಕಾಯಿಲೆ ತರಿಸುತ್ತೀಯ ಎಂದರು. ಸಮಾರಂಭಕ್ಕೆ ಬರುವುದಿಲ್ಲ ಎಂದೂ ಹೇಳಿದರು.

ಶುಕ್ರವಾರವೆಲ್ಲ ಮೇಷ್ಟ್ರು ತಕ್ಕಡಿಯ ಎರಡು ತಟ್ಟೆ ತೂಗಿದರು. ಒಂದರಲ್ಲಿ ಸೇತುವೆ, ಇನ್ನೊಂದರಲ್ಲಿ ಹೆಸರು. ತಪ್ಪಾಯಿತು ಅಂದರೆ ಹೆಚ್ಓಡಿ ಕುರ್ಚಿ ಹೋಯಿತು, ಸ್ಟಾಫ್ ರೂಮಿನಲ್ಲಿ ಹದಿನೇಳು ವರ್ಷದ ಸೇಡು ಒಂದೇ ದಿನ ತೀರುತ್ತದೆ. ಅನ್ನದಿದ್ದರೆ ಗೋಡೆ ಬಿರಿಯುತ್ತದೆ.

ಶನಿವಾರ ಬೆಳಿಗ್ಗೆ, ಶಾಮಿಯಾನಕ್ಕೆ ಜನ ಸೇರುವ ಮೊದಲೇ ಸಂತೋಷ್‌ನನ್ನು ಸೇತುವೆಯ ಕೆಳಕ್ಕೆ ಕರೆದುಕೊಂಡು ಹೋಗಿ ಎರಡು ಹಾಳೆ ಒಂದರ ಮೇಲೊಂದು ಇಟ್ಟು ತೋರಿಸಿದರು. ಸಂತೋಷ್ ಎಂಜಿನಿಯರೇ ತಾನೇ, ಎರಡು ನಿಮಿಷಕ್ಕೆ ಅರ್ಥವಾಯಿತು. ಮುಖ ಬೆಳ್ಳಗಾಯಿತು. ಆದರೆ ಇಲಾಖೆಯಲ್ಲಿ ಪಳಗಿದ ಮನುಷ್ಯ. ಮೂರನೇ ನಿಮಿಷಕ್ಕೆ ಸುಧಾರಿಸಿಕೊಂಡ.

"ಸಾರ್, ನೀವು ಈಗ ತಪ್ಪು ಅಂದ್ರೆ ಕಮಿಟಿ ಕೂರ್ತದೆ. ಕಮಿಟಿ ಕೂತ್ರೆ ಸೇತುವೆ ಆರು ತಿಂಗಳು ಮುಚ್ಚಿರ್ತದೆ. ಕ್ಲ್ಯಾಂಪ್ ಹಾಕೋಣ, ಬಿಗಿಯೋದು ಬೇಡ. ಒಂದು ಬೆರಳು ಸಂದಿ ಬಿಟ್ಟುಬಿಡ್ತೀನಿ. ರೋಲರ್ ಪಾಡಿಗೆ ರೋಲರ್ ಸರಿದಾಡ್ಕಳ್ಳಿ. ಫೈಲಲ್ಲಿ ಕ್ಲ್ಯಾಂಪ್ ಇರ್ತದೆ, ನಿಮ್ಮ ಹೆಸರೂ ಇರ್ತದೆ."

ಮೇಷ್ಟ್ರು ಸುತ್ತ ನೋಡಿದರು. ಸೇತುವೆಗೆ ಅಪಾಯ ತಪ್ಪಿತು. ಹೆಸರಿಗೂ ತಪ್ಪಿತು. ಇಷ್ಟು ಸುಲಭವಾಗಿ ಎರಡೂ ಉಳಿಯುವುದಾದರೆ ಬೇಡ ಅನ್ನುವವನು ಯಾರು? ಹೂಂ ಎಂದರು.

ಸಮಾರಂಭ ಚೆನ್ನಾಗಿಯೇ ನಡೆಯಿತು. ಯಾವುದನ್ನೂ ಮುಟ್ಟದ ಕ್ಲ್ಯಾಂಪಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕಾಯಿ ಒಡೆದರು. ಪಂಚಾಯ್ತಿ ಅಧ್ಯಕ್ಷರು ಮೇಷ್ಟ್ರ ಚಿತ್ರಕ್ಕೆ ಫ್ರೇಮು ಹಾಕಿಸಿದ್ದರು, ಅರ್ಧ ಚಿತ್ರಕ್ಕೇ. ಮೈಕು ಕೈಗೆ ಬಂದಾಗ ಮೇಷ್ಟ್ರು ವಿಜ್ಞಾನ, ಗುರುಭಕ್ತಿ ಎಂದೆಲ್ಲ ನಾಲ್ಕು ಮಾತಾಡಿ ಕೂತರು. ಪೇಟ ತಲೆಗೆ ಸ್ವಲ್ಪ ಬಿಗಿಯಾಗಿತ್ತು.

ಊಟ ಮುಗಿದು ಜನ ಕರಗಿದರು. ಬೆಳಿಗ್ಗೆ ಸುತ್ತುದಾರಿಯಲ್ಲೇ ಡೈರಿಗೆ ಹೋಗಿ, ಊಟಕ್ಕೆ ಈ ಕಡೆಯೇ ಉಳಿದಿದ್ದ ಸೋಮಮ್ಮ ಖಾಲಿ ಕ್ಯಾನು ಹಿಡಿದು ಬಂದಳು. ನಲವತ್ತು ದಿನದ ಮೇಲೆ ಸೇತುವೆ ದಾಟುತ್ತಿದ್ದಾಳೆ, ಜೊತೆಗೆ ಹೋಗೋಣ ಎಂದು ಮೇಷ್ಟ್ರು ಕ್ಯಾನು ಇಸಿದುಕೊಂಡರು. ಆಕೆ ಕುಂಟುತ್ತ ನಡೆದಳು. ಬಲತುದಿಯ ಹತ್ತಿರ ಬಂದಾಗ ನಿಂತು, ಕೆಳಗೆ ಕ್ಲ್ಯಾಂಪಿನ ಕಡೆ ಬಗ್ಗಿ ನೋಡಿದಳು. ಅದರ ಪಕ್ಕ, ರೋಲರಿನ ಮೇಲೆ ಕೂತ ಸೇತುವೆಯ ಹಳೆಯ ಕಬ್ಬಿಣದ ತಟ್ಟೆಯ ಅಂಚಿನಲ್ಲಿ ಬಣ್ಣ ಕಿತ್ತು ಹೋಗಿ ನಾಲ್ಕೈದು ಗೀರು ಬಿದ್ದಿದ್ದವು. ಅದೇನು ಎಂದು ಮೇಷ್ಟ್ರು ಕೇಳಿದರು.

"ನನ್ನ ಕುಡ್ಲು ಕಣ್ಲಾ," ಎಂದಳು ಸೋಮಮ್ಮ. "ಅವತ್ತು ನೀನು ಮೇಲೆ ನಿಂತ್ಕಂಡು ಏಳ್ತದೆ ಏಳ್ತದೆ ಅಂತಿದ್ದಲ್ಲ, ಊರೋರೆಲ್ಲ ಸೇತ್ವೆ ಮ್ಯಾಲೇ ಇದ್ರು. ನಾನು ಇಲ್ಲಿ ಕೆಳಗೆ ಉಲ್ಲು ಕುಯ್ತಿದ್ದೆ. ಎದ್ದಿದ್ರೆ ಓಗ್ಬೇಕಲ್ಲ ಅಂತ ಕುಡ್ಲು ತೂರ್ಸಿ ನೋಡ್ದೆ. ನಾಕು ಸಲ ನೋಡ್ದೆ. ಕುಡ್ಲು ತುದಿನೂ ಓಗನಿಲ್ಲ."

ಮೇಷ್ಟ್ರಿಗೆ ಕ್ಯಾನು ಎಲ್ಲಿಡಬೇಕೋ ತಿಳಿಯಲಿಲ್ಲ. ಊರೆಲ್ಲ ಸೇತುವೆಯ ಮೇಲೆ ನಿಂತಿದ್ದದ್ದು ಅವರಿಗೆ ನೆನಪಾಯಿತು. ಲೆಕ್ಕದಲ್ಲಿ ಹಿಡಿದಿದ್ದ ಪೂರ್ತಿ ಜನಭಾರ, ಕಣ್ಣೆದುರಿಗೇ ನಿಂತಿತ್ತು. ತಾವು ಹಾಳೆ ನೋಡುತ್ತಿದ್ದರು.

"ಮತ್ತೆ ಯಾಕತ್ತೆ ಹೇಳಲಿಲ್ಲ?"

"ಯೋಳಿದ್ರೆ? ಅಷ್ಟು ಜನದ್ ಮುಂದೆ ನಿನ್ನೆಸ್ರು ಏನಾಗದು?" ಸೋಮಮ್ಮ ಸೆರಗಿನಲ್ಲಿ ಕತ್ತು ಒರೆಸಿಕೊಂಡಳು. "ಕಾಲ್ ತಾನೆ ನೊಂದಿದ್ದು, ಬುಡು. ಎಸ್ರು ನೊಂದ್ರೆ ಎಣ್ಣೆ ಅಚ್ಚಕಾಯ್ತದಾ?"

ಅಷ್ಟು ಹೇಳಿ, ಎಮ್ಮೆ ಕಾಯುತ್ತಿರುತ್ತದೆ ಎಂದು ಮುಂದೆ ನಡೆದಳು. ದಿನಕ್ಕೆರಡು ಸಲ ಐದು ಕಿಲೋಮೀಟರ್, ನಲವತ್ತು ದಿನ. ಮೇಷ್ಟ್ರ ಬಾಯಲ್ಲಿ ಲೆಕ್ಕ ತಾನಾಗಿಯೇ ಆಯಿತು. ನಾನೂರು ಕಿಲೋಮೀಟರ್. ಊದಿದ ಮಂಡಿಯಲ್ಲಿ, ಹಾಲಿನ ಕ್ಯಾನು ಹೊತ್ತು, ಸುಳ್ಳು ಎಂದು ಗೊತ್ತಿದ್ದೂ ನಡೆದದ್ದು. ಆ ನಾನೂರು ಕಿಲೋಮೀಟರಿನ ಶಾಲು ಹೆಗಲ ಮೇಲಿತ್ತು. ಅವರಿಗೆ ಅಳು ಬಂತು. ನಾಚಿಕೆಯೂ ಆಯಿತು.

ಕ್ಯಾನನ್ನು ಕ್ಲ್ಯಾಂಪಿನ ಪಕ್ಕ ಇಟ್ಟು, ಪೇಟ ತೆಗೆದು ಕ್ಯಾನಿನ ಮೇಲಿಟ್ಟು, ಅವರು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದರು. ಶಾಮಿಯಾನದಲ್ಲಿ ಕುರ್ಚಿ ಒಂದರ ಮೇಲೊಂದು ಜೋಡಿಸುತ್ತಿದ್ದರು. ಸಂತೋಷ್ ಫೋನಿನಲ್ಲಿದ್ದ. ಎಲೆ ಹಾಕಿಕೊಳ್ಳುತ್ತ ಕೂತಿದ್ದ ಮುದುಕರು ನಾಲ್ವರು, ಪಾತ್ರೆ ತೊಳೆಯುವ ಹೆಂಗಸರು ಇಬ್ಬರು ಇದ್ದರು. ಮೈಕಿನವನು ವೈರು ಸುತ್ತುತ್ತಿದ್ದ.

"ಒಂದು ನಿಮಿಷ ಆನ್ ಮಾಡಪ್ಪ," ಎಂದರು ಮೇಷ್ಟ್ರು. "ಇನ್ನರ್ಧ ಹೇಳೋದಿದೆ."

ಮೈಕಿನವನು ಗೊಣಗುತ್ತ ವೈರು ಬಿಚ್ಚಿದ. ದನಿ ನಾಲೆ ದಾಟಿ ಆ ಕಡೆ ಏರಿಯವರೆಗೂ ಕೇಳಿಸಿತು. ಅಲ್ಲಿ ಕುಂಟುತ್ತ ಹೋಗುತ್ತಿದ್ದ ಸೋಮಮ್ಮ ನಿಂತು, ತಿರುಗಿ ನೋಡಿದಳು.